ಹಳೆ ಜೇಬು ಗಡಿಯಾರಕ್ಕೆ ಕೀ ಕೊಡೋ ಮುಂಚೆ

ತಾತನ ಕೀ ಕೊಡೋ ಜೇಬು ಗಡಿಯಾರ ವರ್ಷಗಟ್ಟಲೆ ಪೆಟ್ಟಿಗೆಯಲ್ಲಿತ್ತು. ಈಗ ಕೀ ಕೊಟ್ಟು ಓಡಿಸಬಹುದಾ?

ಮೊದಲು ಹಿಂದಿನ ಮುಚ್ಚಳ ತೆಗೆದು ಭೂತಗನ್ನಡಿಯಲ್ಲಿ ನೋಡಿ. ಕೀ ಕೊಡುವಾಗ ತಿರುಗೋ ಕಡ್ಡಿಯ ಸಂದಿಯಿಂದಲೇ ತೇವ ಒಳಗೆ ಹೋಗೋದು ಜಾಸ್ತಿ, ಹಾಗಾಗಿ ಅಲ್ಲಿಂದ ಶುರು ಮಾಡಿ. ಕಂದುಗೆಂಪು ಪುಡಿ ಕಂಡರೆ ತುಕ್ಕು. ಸ್ಕ್ರೂಗಳು ನೀಲಿಯಾಗಿದ್ದರೆ ಗಾಬರಿ ಬೇಡ, ಉಕ್ಕನ್ನು ಕಾಯಿಸಿ ಬರಿಸಿದ ಬಣ್ಣ ಅದು. ಕೂದಲಿನಷ್ಟು ತೆಳುವಾದ ಸುರುಳಿ ಸ್ಪ್ರಿಂಗ್ ಮೇಲೆ ತುಕ್ಕಿದ್ದರೆ ಕೀ ಕೊಡಲೇಬೇಡಿ, ನೇರ ರಿಪೇರಿಗೆ ಒಯ್ಯಿರಿ.

ಒಳಗೆ ಚೊಕ್ಕಟವಾಗಿದ್ದರೆ ಮೆಲ್ಲಗೆ ನಾಲ್ಕೈದು ಸುತ್ತು ಕೊಡಿ, ಸಾಕು. ಕೀ ಬಿಗಿಯಾಗಿದ್ದರೆ ಒತ್ತಾಯ ಮಾಡಬೇಡಿ. ಎಷ್ಟು ತಿರುಗಿಸಿದರೂ ಬಿಗಿಯೇ ಬರದಿದ್ದರೆ ಒಳಗಿನ ಮುಖ್ಯ ಸ್ಪ್ರಿಂಗ್ ಮುರಿದಿರಬಹುದು.

ನನ್ನದೊಂದು ಹತ್ತು ಸೆಕೆಂಡ್ ಟಿಕ್ ಟಿಕ್ ಅಂದು ನಿಂತಿತು. ಅಲ್ಲಾಡಿಸಿದರೆ ಮತ್ತೆ ಹತ್ತು ಸೆಕೆಂಡ್. ಕೀ ಜಾಸ್ತಿಯಾಯ್ತು ಅಂತ ಎಲ್ಲರೂ ಅಂದರು. ಅದಲ್ಲ, ಹಳೆ ಎಣ್ಣೆ ಅಂಟಾಗಿ ಗಟ್ಟಿಯಾಗಿತ್ತು. ಸುಮ್ನೆ ಮೇಲಿಂದ ಎಣ್ಣೆ ಬಿಟ್ಟರೆ ಧೂಳು ಇನ್ನಷ್ಟು ಹಿಡಿಯುತ್ತೆ, ಅಷ್ಟೇ. ಬಿಚ್ಚಿ, ತೊಳೆದು, ಚುಕ್ಕಿ ಚುಕ್ಕಿಯಾಗಿ ಎಣ್ಣೆ ಹಾಕಬೇಕು. ಅದು ಗಡಿಯಾರ ರಿಪೇರಿಯವರ ಕೆಲಸ.

ನಿಮ್ಮದು ಚೆನ್ನಾಗಿ ಓಡಿದರೂ ದಿನಾ ಬಳಸೋ ಮುಂಚೆ ಈ ಸರ್ವಿಸ್ ಮಾಡಿಸಿ. ಎಣ್ಣೆ ಒಣಗಿದ್ದರೆ ಓಡ್ತಾ ಓಡ್ತಾನೇ ಚಕ್ರಗಳ ಅಚ್ಚಿನ ತುದಿ ಸವೆಯುತ್ತೆ.