ಬೋನಸ್ ಹಣ ಒಂದೇ ಸಲ ಹಾಕುವುದಾ, ಕಂತಿನಲ್ಲಿ ಹಾಕುವುದಾ?

ಪ್ರಶ್ನೆ: ನಾನು ಗದಗದವನು, ಕೆಲಸ ಹುಬ್ಬಳ್ಳಿಯಲ್ಲಿ. ಟ್ಯಾಕ್ಸ್ ಕಳೆದು ಕೈಗೆ 9 ಲಕ್ಷ ಬೋನಸ್ ಬಂದಿದೆ. ಸಾಲ ಇಲ್ಲ, ಆರು ತಿಂಗಳ ಖರ್ಚಿನ ದುಡ್ಡು ಬೇರೆ ಇಟ್ಟಿದ್ದೇನೆ. ನಿಫ್ಟಿ ಇಂಡೆಕ್ಸ್ ಫಂಡಿನಲ್ಲಿ ಈಗ 4 ಲಕ್ಷ ಇದೆ. ಈ 9 ಲಕ್ಷವನ್ನೂ ಅಲ್ಲೇ ಒಂದೇ ಸಲ ಹಾಕಲಾ, ತಿಂಗಳಿಗಿಷ್ಟು ಅಂತ ಹಾಕಲಾ? ಹತ್ತು ವರ್ಷ ಮುಟ್ಟುವುದಿಲ್ಲ.

ಉತ್ತರ:

ನಿಮ್ಮ ವಿಷಯದಲ್ಲಿ ನನ್ನ ಸಲಹೆ ಕಂತು. ಆದರೆ ಆರು ಕಂತಿಗಿಂತ ಜಾಸ್ತಿ ಬೇಡ, ಮೊದಲ ಕಂತು ಈ ವಾರವೇ ಹೋಗಬೇಕು. ನಾನು ಹುಬ್ಬಳ್ಳಿಯಲ್ಲಿ ಮ್ಯೂಚುವಲ್ ಫಂಡ್ ವಿತರಕನ ಕೆಲಸ ಮಾಡುತ್ತೇನೆ. ಏಪ್ರಿಲ್-ಮೇ ಬಂತೆಂದರೆ ಇದೇ ಪ್ರಶ್ನೆ ಹಿಡಿದುಕೊಂಡು ಜನ ಬರುತ್ತಾರೆ. ಎಲ್ಲರಿಗೂ ನಾನು ಕಂತು ಅಂತ ಹೇಳುವುದಿಲ್ಲ, ಹಾಗಾಗಿ ನಿಮಗೆ ಯಾಕೆ ಹೇಳುತ್ತಿದ್ದೇನೆ ಅನ್ನುವುದನ್ನು ಬಿಡಿಸಿ ಬರೆಯುತ್ತೇನೆ.

ಬರೀ ಲೆಕ್ಕ ನೋಡಿದರೆ ಒಂದೇ ಸಲ ಹಾಕುವುದೇ ಮೇಲು. ಮಾರುಕಟ್ಟೆ ಇಳಿಯುವ ವರ್ಷಗಳಿಗಿಂತ ಏರುವ ವರ್ಷಗಳು ಜಾಸ್ತಿ. ಅಂದಮೇಲೆ ಹೊರಗೆ ಕಾಯುತ್ತಾ ಕೂತ ದುಡ್ಡು ಹೆಚ್ಚಿನ ಸಲ ನಷ್ಟವನ್ನೇ ಮಾಡಿಕೊಳ್ಳುತ್ತದೆ. ವ್ಯಾನ್‌ಗಾರ್ಡ್ ಕಂಪನಿ 2012ರಲ್ಲಿ ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾದ ಹಳೆಯ ಅಂಕಿಗಳನ್ನು ತೆಗೆದು ನೋಡಿತ್ತು. ಹನ್ನೆರಡು ತಿಂಗಳ ಕಂತಿಗಿಂತ ಒಂದೇ ಸಲ ಹಾಕಿದ್ದು ಮೂರರಲ್ಲಿ ಎರಡು ಸಲ ಮುಂದೆ ಇತ್ತು. ಉಳಿದ ಒಂದು ಸಲಕ್ಕೆ ನಾವು ಸಿಕ್ಕಿಕೊಂಡರೆ ಏನು ಅನ್ನುವುದೇ ಎಲ್ಲರ ಚಿಂತೆ.

ನಮ್ಮ ನಿಫ್ಟಿಯಲ್ಲೇ ನೋಡಿ. 2020ರ ಜನವರಿ ಕೊನೆಯಲ್ಲಿ ಅದು ಸುಮಾರು 11,960 ಇತ್ತು. ಫೆಬ್ರವರಿ ಕೊನೆಗೆ 11,200. ಮಾರ್ಚ್ ಕೊನೆಗೆ ಕೊರೊನಾ ಹೊಡೆತಕ್ಕೆ 8,600. ಆಮೇಲೆ ತಿಂಗಳ ಕೊನೆಯ ಲೆಕ್ಕದಲ್ಲಿ 9,860, 9,580, 10,300. ಜನವರಿ ಕೊನೆಯಲ್ಲಿ ಶುರು ಮಾಡಿ ಆರು ತಿಂಗಳು ಸಮ ಕಂತಿನಲ್ಲಿ ಹಾಕಿದವರಿಗೆ ಸರಾಸರಿ ಸುಮಾರು 10,130ಕ್ಕೆ ಸಿಕ್ಕಿತು. ಒಂದೇ ಸಲ ಹಾಕಿದವರಿಗಿಂತ 15% ಅಗ್ಗ. ಕಂತೇ ಗೆದ್ದಿತು ಅಲ್ವಾ?

ಈಗ ಬೋನಸ್ ಎರಡು ತಿಂಗಳು ತಡವಾಗಿ, ಮಾರ್ಚ್ ಕೊನೆಗೆ ಬಂತು ಅಂದುಕೊಳ್ಳಿ. ಜುಲೈ ಕೊನೆಗೆ ನಿಫ್ಟಿ 11,070, ಆಗಸ್ಟ್ ಕೊನೆಗೆ 11,390. ಮಾರ್ಚ್‌ನಿಂದ ಆಗಸ್ಟ್‌ವರೆಗೆ ಆರು ಕಂತು ಹಾಕಿದವರಿಗೆ ಸರಾಸರಿ ಬಿದ್ದದ್ದು ಸುಮಾರು 10,050. ಒಂದೇ ಸಲ ಹಾಕಿದವರಿಗೆ ಬಿದ್ದದ್ದು 8,600. ಇಲ್ಲಿ ಕಂತಿನವರು 17% ತುಟ್ಟಿಗೆ ಕೊಂಡರು. ಎರಡೇ ತಿಂಗಳ ಅಂತರದಲ್ಲಿ ಫಲಿತಾಂಶ ತಲೆಕೆಳಗಾಯಿತು. ಇದರಲ್ಲಿ ಯಾರ ಜಾಣತನವೂ ಇಲ್ಲ, ಬೋನಸ್ ಯಾವ ತಿಂಗಳು ಖಾತೆಗೆ ಬಿತ್ತು ಅನ್ನುವುದಷ್ಟೇ. ಆ ತಿಂಗಳನ್ನು ನಿಮ್ಮ ಕಂಪನಿ ನಿರ್ಧರಿಸುತ್ತದೆ, ನೀವಲ್ಲ.

ಹಾಗಾಗಿ ಕಂತನ್ನು ಲಾಭದ ದಾರಿ ಅಂತ ನೋಡಬೇಡಿ. ಅದು ಕೆಟ್ಟ ತಿಂಗಳಿಗೆ ಮಾಡಿಸುವ ವಿಮೆ. ವಿಮೆ ಅಂದಮೇಲೆ ಅದಕ್ಕೆ ತೆರುವ ಬೆಲೆ ಎಷ್ಟು ಅಂತ ನೋಡಲೇಬೇಕು.

ನಿಮ್ಮ 9 ಲಕ್ಷಕ್ಕೇ ಲೆಕ್ಕ ಹಾಕೋಣ. ಇಂಡೆಕ್ಸ್ ಫಂಡ್ ವರ್ಷಕ್ಕೆ 12%, ಕಾಯುವ ದುಡ್ಡು ಇರುವ, ಅಲ್ಪಾವಧಿ ಸಾಲಪತ್ರಗಳಲ್ಲಿ ಹೂಡುವ ಲಿಕ್ವಿಡ್ ಫಂಡ್ 6.5% ಕೊಡುತ್ತದೆ ಅಂತ ಇಟ್ಟುಕೊಳ್ಳಿ. ಇದು ಊಹೆ, ಯಾರೂ ಗ್ಯಾರಂಟಿ ಕೊಟ್ಟಿಲ್ಲ. ತಿಂಗಳಿಗೆ ಒಂದೂವರೆ ಲಕ್ಷದಂತೆ ಆರು ಕಂತು, ಮೊದಲನೆಯದು ಇವತ್ತು. ಆಗ ಪ್ರತಿ ರೂಪಾಯಿ ಸರಾಸರಿ ಎರಡೂವರೆ ತಿಂಗಳು ಹೊರಗೆ ಕಾಯುತ್ತದೆ. ಅದರಿಂದ ತಪ್ಪಿಹೋಗುವ ಗಳಿಕೆ ಸುಮಾರು 10 ಸಾವಿರ. ಅದೇ ಹನ್ನೆರಡು ಕಂತು ಮಾಡಿದರೆ ಸರಾಸರಿ ಕಾಯುವುದು ಐದೂವರೆ ತಿಂಗಳು, ತಪ್ಪುವುದು ಸುಮಾರು 23 ಸಾವಿರ. ಎರಡು ವರ್ಷ ಎಳೆಯುವವರೂ ಇದ್ದಾರೆ. ಅಷ್ಟು ಎಳೆದರೆ ಅದು ವಿಮೆ ಅಲ್ಲ, ಮಾರುಕಟ್ಟೆಯ ಹೊರಗೆ ಇರುವುದಕ್ಕೆ ಇನ್ನೊಂದು ಹೆಸರು.

ಈ 10 ಸಾವಿರಕ್ಕೆ ಸಿಗುವುದೇನು? ಐದು ತಿಂಗಳಲ್ಲಿ ಮಾರುಕಟ್ಟೆ ಒಂದೇ ಸಮನೆ 20% ಇಳಿಯಿತು ಅನ್ನಿ. ಒಂದೇ ಸಲ ಹಾಕಿದ್ದರೆ 9 ಲಕ್ಷ 7.2 ಲಕ್ಷ ಆಗಿರುತ್ತಿತ್ತು. ಆರು ಕಂತಿನಲ್ಲಿ ಹಾಕಿದ್ದರೆ, ಲಿಕ್ವಿಡ್ ಫಂಡಿನ ಬಡ್ಡಿಯೂ ಸೇರಿ, ಸುಮಾರು 8.17 ಲಕ್ಷ. ನಷ್ಟ ಅರ್ಧಕ್ಕಿಂತ ಕಡಿಮೆ. ಅದೇ ರೀತಿ 20% ಏರಿದ್ದರೆ ಒಂದೇ ಸಲದ್ದು 10.8 ಲಕ್ಷ, ಕಂತಿನದ್ದು ಸುಮಾರು 9.98 ಲಕ್ಷ.

ನಿಮಗೆ ಕಂತು ಅಂದದ್ದಕ್ಕೆ ಕಾರಣ ನಿಮ್ಮ ಆ 4 ಲಕ್ಷ. ಈಗ ಇರುವುದರ ಎರಡು ಪಟ್ಟಿಗಿಂತ ಜಾಸ್ತಿ ದುಡ್ಡು ಒಂದೇ ದಿನ ಒಳಗೆ ಹೋಗುತ್ತದೆ. ಇಲ್ಲಿಯವರೆಗೆ ಮಾರುಕಟ್ಟೆ 10% ಬಿದ್ದರೆ ನಿಮ್ಮ ಮೊಬೈಲಿನಲ್ಲಿ 40 ಸಾವಿರ ಕಡಿಮೆ ಕಾಣುತ್ತಿತ್ತು. ಇನ್ನು ಮೇಲೆ 1.3 ಲಕ್ಷ ಕಾಣುತ್ತದೆ. ಆ ಕೆಂಪು ಅಂಕಿಯನ್ನು ನೋಡಿ ಅಭ್ಯಾಸ ಆಗುವುದಕ್ಕೆ ನಾಲ್ಕೈದು ತಿಂಗಳು ಬೇಕು. ನಿಮ್ಮ ಹತ್ತಿರ ಮೊದಲೇ 45-50 ಲಕ್ಷ ಫಂಡಿನಲ್ಲಿ ಇದ್ದಿದ್ದರೆ, ಸುಮ್ನೆ ಇವತ್ತೇ ಎಲ್ಲ ಹಾಕಿ ಅನ್ನುತ್ತಿದ್ದೆ. ಇರುವ ದುಡ್ಡಿನ ಐದನೇ ಒಂದು ಪಾಲಿಗಿಂತ ಬೋನಸ್ ಕಡಿಮೆ ಇದ್ದರೆ ಕಂತು ಮಾಡುವ ಗೋಜೇ ಬೇಡ ಅನ್ನುವುದು ನನ್ನ ರೂಢಿ.

ಆದರೆ ಒಂದು ಮಾತನ್ನು ದಯವಿಟ್ಟು ಗಮನಿಸಿ. ಬಹಳ ಜನ ಎಡವುವುದು ಇಲ್ಲಿಯೇ. ಕಂತು ಕಾಪಾಡುವುದು ಮೊದಲ ಆರು ತಿಂಗಳು ಮಾತ್ರ. ಏಳನೇ ತಿಂಗಳು ನಿಮ್ಮ 13 ಲಕ್ಷವೂ ಪೂರ್ತಿ ಮಾರುಕಟ್ಟೆಯಲ್ಲೇ ಇರುತ್ತದೆ. ಅವತ್ತು 30% ಬಿದ್ದರೆ ಒಂದೇ ಸಲ ಹಾಕಿದವರಿಗೂ ನಿಮಗೂ ಬೀಳುವ ಪೆಟ್ಟು ಒಂದೇ, ಹತ್ತಿರ ಹತ್ತಿರ 4 ಲಕ್ಷ. 2008ರ ಜನವರಿಯಲ್ಲಿ ನಿಫ್ಟಿ 6,300 ದಾಟಿತ್ತು, ಅಕ್ಟೋಬರ್ ಹೊತ್ತಿಗೆ 2,300ಕ್ಕಿಂತ ಕೆಳಗೆ ಹೋಗಿ ಬಂತು. ಹಳೆಯ ಎತ್ತರಕ್ಕೆ ಮತ್ತೆ ಬಂದದ್ದು 2010ರ ನವೆಂಬರ್‌ನಲ್ಲಿ. ಅಂಥ ಕಾಲದಲ್ಲಿ ರಾತ್ರಿ ನಿದ್ದೆ ಬರುವುದಿಲ್ಲ, ಮಾರಿಬಿಡುತ್ತೇನೆ ಅಂತ ನಿಮಗೆ ಅನ್ನಿಸಿದರೆ, ಅದಕ್ಕೆ ಕಂತು ಮದ್ದಲ್ಲ. 9 ಲಕ್ಷದಲ್ಲಿ 6 ಲಕ್ಷ ಮಾತ್ರ ಇಂಡೆಕ್ಸ್ ಫಂಡಿಗೆ ಹಾಕಿ, 3 ಲಕ್ಷ ಎಫ್‌ಡಿಯಲ್ಲಿ ಇಡಿ. ಎಷ್ಟು ಹಾಕಬೇಕು ಅನ್ನುವುದು ಮೊದಲು ಇತ್ಯರ್ಥ ಆಗಲಿ, ಹೇಗೆ ಹಾಕಬೇಕು ಅನ್ನುವುದು ಆಮೇಲೆ.

ಹಾಕುವ ದಾರಿ ಹೀಗೆ. ನಿಮ್ಮ ಇಂಡೆಕ್ಸ್ ಫಂಡ್ ಯಾವ ಫಂಡ್ ಕಂಪನಿಯದ್ದೋ ಅದೇ ಕಂಪನಿಯ ಲಿಕ್ವಿಡ್ ಫಂಡ್ ಆರಿಸಿ. ಒಂದು ಫಂಡಿನಿಂದ ಇನ್ನೊಂದಕ್ಕೆ ಪ್ರತಿ ತಿಂಗಳು ತಾನಾಗಿಯೇ ದುಡ್ಡು ವರ್ಗಾಯಿಸುವ ಎಸ್‌ಟಿಪಿ ನಡೆಯುವುದು ಒಂದೇ ಕಂಪನಿಯ ಫಂಡುಗಳ ನಡುವೆ ಮಾತ್ರ. ಒಂದೂವರೆ ಲಕ್ಷವನ್ನು ನೇರವಾಗಿ ಇಂಡೆಕ್ಸ್ ಫಂಡಿಗೆ ಹಾಕಿ, ಉಳಿದ ಏಳೂವರೆ ಲಕ್ಷವನ್ನು ಲಿಕ್ವಿಡ್ ಫಂಡಿಗೆ. ಆಮೇಲೆ ತಿಂಗಳಿಗೆ ಒಂದೂವರೆ ಲಕ್ಷ, ಐದು ಕಂತು, ಇಂಥ ತಾರೀಖು ಅಂತ ಎಸ್‌ಟಿಪಿ ನೋಂದಾಯಿಸಿ. ಮೊದಲ ವರ್ಗಾವಣೆಗೆ ಮುಂದಿನ ತಿಂಗಳ ತಾರೀಖು ಕೊಡಿ. ಲಿಕ್ವಿಡ್ ಫಂಡಿನಿಂದ ಏಳು ದಿನದ ಒಳಗೆ ತೆಗೆದರೆ ಚಿಲ್ಲರೆ ಎಕ್ಸಿಟ್ ಲೋಡ್ ಹಿಡಿಯುತ್ತಾರೆ, ಅದೂ ತಪ್ಪುತ್ತದೆ. ಉಳಿದ ಕೊನೆಯ ಬಡ್ಡಿ ದುಡ್ಡನ್ನು ಆರನೇ ತಿಂಗಳು ಕೈಯಾರೆ ಸ್ವಿಚ್ ಮಾಡಿ.

ದುಡ್ಡನ್ನು ಉಳಿತಾಯ ಖಾತೆಯಲ್ಲಿ ಇಟ್ಟುಕೊಂಡು ಪ್ರತಿ ತಿಂಗಳು ನಾನೇ ಹಾಕುತ್ತೇನೆ ಅನ್ನಬೇಡಿ. ಬಡ್ಡಿ ಕಡಿಮೆ ಅನ್ನುವುದು ಸಣ್ಣ ಕಾರಣ. ನಮ್ಮ ಕಡೆ ಖಾತೆಯಲ್ಲಿ ಕಾಣುವ ದುಡ್ಡಿಗೆ ಬೇಗ ವಾರಸುದಾರರು ಹುಟ್ಟುತ್ತಾರೆ. ನವನಗರದ ಕಡೆ ಸೈಟ್ ಬಂದಿದೆ, ಮುಂಗಡ ಕೊಟ್ಟು ಹಿಡಿದಿಡು ಅಂತ ಮಾವ ಹೇಳುತ್ತಾರೆ. ತಂಗಿ ಮದುವೆಗೆ ಬಂಗಾರ ಈಗಲೇ ತೆಗೆದಿಡೋಣ ಅಂತ ಅವ್ವ ಹೇಳುತ್ತಾಳೆ. ಅವು ತಪ್ಪು ಅಂತ ಅಲ್ಲ. ಅದು ನಿಮ್ಮ ಯೋಜನೆಯಲ್ಲಿ ಇದ್ದರೆ ಮೊದಲೇ ಆ ಪಾಲು ತೆಗೆದಿಡಿ.

ಇನ್ನೊಂದು ದೊಡ್ಡ ತೊಂದರೆ ಎಂದರೆ ನಡುವೆ ನಿಲ್ಲಿಸುವುದು. 2020ರ ಮಾರ್ಚ್‌ನಲ್ಲಿ ನನಗೆ ಬಂದ ಫೋನುಗಳಲ್ಲಿ ಇದೇ ಮಾತು: "ಸರ, ಎಸ್‌ಟಿಪಿ ಬಂದ್ ಮಾಡ್ರಿ, ಇನ್ನೂ ಬೀಳತೈತಿ ಅಂತಾರ, ಕೆಳಗ ಹೋದ ಮ್ಯಾಲ ಹಾಕೂಣು." ಮೇಲೆ ಕೊಟ್ಟ ಅಂಕಿಗಳನ್ನೇ ಮತ್ತೆ ನೋಡಿ. ಜನವರಿ, ಫೆಬ್ರವರಿ ಎರಡು ಕಂತು ಹಾಕಿ ನಿಲ್ಲಿಸಿದವರಿಗೆ ಸರಾಸರಿ ಬಿದ್ದದ್ದು 11,570. ಅಗ್ಗದ ನಾಲ್ಕೂ ಕಂತು ಅವರ ಕೈತಪ್ಪಿತು. ಮರುವರ್ಷ ಮಾರ್ಚ್ ಕೊನೆಗೆ ನಿಫ್ಟಿ 14,690. ಬೀಳುವ ತಿಂಗಳಿಗೆಂದೇ ಕಂತು ಮಾಡಿ, ಬಿದ್ದ ತಿಂಗಳೇ ನಿಲ್ಲಿಸಿದರೆ ವಿಮೆಯ ದುಡ್ಡು ಕಟ್ಟಿ ಕ್ಲೇಮ್ ಬಿಟ್ಟಂತೆ. ಏರುವಾಗ "ಸ್ವಲ್ಪ ಇಳಿಯಲಿ" ಅಂತ ನಿಲ್ಲಿಸುವುದೂ ಇದೇ ಜಾತಿ. ಹಾಗಾಗಿ ಶುರು ಮಾಡುವ ದಿನವೇ ಡೈರಿಯಲ್ಲಿ ಬರೆದಿಡಿ: ಕೆಲಸ ಹೋದರೆ, ಮನೆಯಲ್ಲಿ ಆಸ್ಪತ್ರೆ ಖರ್ಚು ಬಂದರೆ ಮಾತ್ರ ನಿಲ್ಲಿಸುತ್ತೇನೆ, ನಿಫ್ಟಿ ಎಷ್ಟಿದೆ ಅಂತ ನೋಡಿ ಅಲ್ಲ.

ತೆರಿಗೆ ವಿಷಯ ಸಣ್ಣದು, ಆದರೆ ತಿಳಿದಿರಲಿ. ಪ್ರತಿ ವರ್ಗಾವಣೆಯೂ ಲಿಕ್ವಿಡ್ ಫಂಡ್ ಮಾರಿದ ಲೆಕ್ಕ. 2023ರ ಏಪ್ರಿಲ್ 1ರಿಂದ ಕೊಂಡ ಲಿಕ್ವಿಡ್ ಫಂಡಿನ ಲಾಭಕ್ಕೆ ನಿಮ್ಮ ಸ್ಲ್ಯಾಬಿನ ದರದಲ್ಲೇ ತೆರಿಗೆ. ಈ ಲೆಕ್ಕದಲ್ಲಿ ಲಾಭ ಸುಮಾರು 12 ಸಾವಿರ, 30% ಸ್ಲ್ಯಾಬಿನವರಿಗೆ ಸೆಸ್ ಸೇರಿ 3,800ರ ಹತ್ತಿರ ತೆರಿಗೆ. ಆದರೆ ಇದು ಅಲ್ಪಾವಧಿ ಬಂಡವಾಳ ಲಾಭ ಆಗುವುದರಿಂದ ನೀವು ಮಾಮೂಲಾಗಿ ತುಂಬುವ ITR-1 ನಡೆಯುವುದಿಲ್ಲ, ITR-2 ತುಂಬಬೇಕು. ಇಂಡೆಕ್ಸ್ ಫಂಡಿನಲ್ಲಿಯೂ ಪ್ರತಿ ಕಂತಿಗೆ, ದೀರ್ಘಾವಧಿ ಲಾಭ ಅನ್ನಿಸಿಕೊಳ್ಳಲು ಬೇಕಾದ ಒಂದು ವರ್ಷದ ಲೆಕ್ಕ ಬೇರೆಬೇರೆಯಾಗಿ ಶುರುವಾಗುತ್ತದೆ. ಹತ್ತು ವರ್ಷ ಮುಟ್ಟದ ನಿಮಗೆ ಅದರಿಂದ ತೊಂದರೆ ಇಲ್ಲ.

ದುಡ್ಡು ಹಾಕುವ ಮೊದಲು ಬೋನಸ್ ಪತ್ರವನ್ನು ಒಂದು ಸಲ ಪೂರ್ತಿ ಓದಿ. ವರ್ಷದ ಕೆಲಸಕ್ಕೆ ಕೊಟ್ಟ ಬೋನಸ್ ಆದರೆ ಚಿಂತೆ ಇಲ್ಲ. ಕಂಪನಿಯಲ್ಲಿ ಉಳಿಸಿಕೊಳ್ಳಲು ಕೊಟ್ಟ ಬೋನಸ್ ಆದರೆ, ಇಂತಿಷ್ಟು ತಿಂಗಳ ಒಳಗೆ ಬಿಟ್ಟರೆ ವಾಪಸ್ ಕೊಡಬೇಕು ಅನ್ನುವ ಷರತ್ತು ಇರಬಹುದು. ಕೆಲವು ಕಡೆ ತೆರಿಗೆ ಕಳೆಯುವ ಮೊದಲಿನ ಪೂರ್ತಿ ಮೊತ್ತ ಕೇಳುತ್ತಾರೆ. ಅಂಥ ಷರತ್ತು ಇದ್ದು, ಬೆಂಗಳೂರಿಗೋ ಪುಣೆಗೋ ಕೆಲಸ ಬದಲಿಸುವ ಯೋಚನೆಯೂ ನಿಮಗಿದ್ದರೆ, ಆ ತಾರೀಖು ದಾಟುವವರೆಗೆ ಪೂರ್ತಿ ದುಡ್ಡು ಲಿಕ್ವಿಡ್ ಫಂಡಿನಲ್ಲೇ ಇರಲಿ. ಎಸ್‌ಟಿಪಿಯ ಮೊದಲ ತಾರೀಖನ್ನು ಅದರ ಮರುತಿಂಗಳಿಗೆ ಕೊಡಿ.