ಫಾರ್ಮ್ಯಾಟ್ ಸರಿಯಾಗಿಯೇ ಇತ್ತು, ಕಪ್ಪು ಕೈಕೊಟ್ಟಿತು

ಪ್ರಶ್ನೆ: ಡಿಸೈನ್ ಸ್ಟುಡಿಯೋದಲ್ಲಿ ಇಂಟರ್ನ್ ಆಗಿದ್ದೇನೆ. ಬ್ರ್ಯಾಂಡ್ ಗೈಡ್‌ಲೈನ್‌ನಲ್ಲಿ ಇರೋದನ್ನ ಹಾಗೇ ಫಾಲೋ ಮಾಡ್ತೀನಿ, ಆದ್ರೂ ಪ್ರೆಸ್‌ನಿಂದ ಫೈಲ್ ವಾಪಸ್ ಬರುತ್ತೆ. ಪ್ರಿಂಟ್‌ಗೆ ಯಾವ ಫಾರ್ಮ್ಯಾಟ್, ವೆಬ್‌ಗೆ ಯಾವ ಫಾರ್ಮ್ಯಾಟ್ ಅಂತ ಯಾರಾದ್ರೂ ಒಂದು ಪಟ್ಟಿ ಕೊಡ್ತೀರಾ?

ಪಟ್ಟಿ ಕೊಡಲ್ಲ. ಅದು ಎಲ್ಲಿ ಬೇಕಾದರೂ ಸಿಗುತ್ತೆ, ನನ್ನ ಮಾನಿಟರ್ ಪಕ್ಕದಲ್ಲೂ ಒಂದು ಅಂಟಿಸಿಕೊಂಡಿದ್ದೆ. ಪಟ್ಟಿ ಹೇಳಿದ ಫಾರ್ಮ್ಯಾಟ್‌ನಲ್ಲೇ ಫೈಲ್ ಕಳಿಸಿದ್ದೆ, ಗೈಡ್‌ಲೈನ್‌ನಲ್ಲಿದ್ದ ಬಣ್ಣವನ್ನೇ ಹಾಕಿದ್ದೆ. ಆದರೂ ಐದು ಸಾವಿರ ಕರಪತ್ರ ರದ್ದಿಗೆ ಹೋಯಿತು.

ಗಾಣದ ಎಣ್ಣೆ ಮಾರುವ ಒಂದು ಕಂಪನಿ. ಎ5 ಸೈಜಿನ ಕನ್ನಡ ಕರಪತ್ರ, ಎರಡೂ ಬದಿ ಫೋರ್ ಕಲರ್, ಕೋಟಿಂಗ್ ಇಲ್ಲದ 100 ಜಿಎಸ್‌ಎಂ ಮ್ಯಾಪ್‌ಲಿತೊ ಪೇಪರ್. ಮುಂದೆ ಕಿತ್ತಳೆ ಪಟ್ಟಿಯ ಮೇಲೆ ಲೋಗೋ, ಹಿಂದೆ ಎಣ್ಣೆ ತೆಗೆಯುವ ಬಗೆ, ಎಲ್ಲೆಲ್ಲಿ ಸಿಗುತ್ತೆ ಅನ್ನೋ ವಿವರ, ಎಲ್ಲಾ 7 ಪಾಯಿಂಟ್‌ನಲ್ಲಿ. ಜಾಗ ಕಡಿಮೆ, ಹೇಳಬೇಕಾದ್ದು ಜಾಸ್ತಿ, ಎಂದಿನ ಕತೆ.

ಅವರ ಗೈಡ್‌ಲೈನ್‌ನಲ್ಲಿ ಬಣ್ಣಗಳ ಪುಟ ನೋಡಲು ಲಕ್ಷಣವಾಗಿತ್ತು. ಪ್ರತಿ ಬಣ್ಣದ ಕೆಳಗೂ ಹೆಕ್ಸ್, ಆರ್‌ಜಿಬಿ, ಸಿಎಂವೈಕೆ ಮೂರೂ ಇದ್ದವು. ಕಪ್ಪಿನ ಕೆಳಗೆ `#000000`, ಅದರ ಪಕ್ಕ ಸಿ 75, ಎಂ 68, ವೈ 67, ಕೆ 90. ನಾನು ಇಲಸ್ಟ್ರೇಟರ್‌ನಲ್ಲಿ ಅದೇ ಅಂಕಿಗಳ ಒಂದು ಸ್ವಾಚ್ ಮಾಡಿ, ಬ್ರ್ಯಾಂಡ್ ಬ್ಲ್ಯಾಕ್ ಅಂತ ಹೆಸರಿಟ್ಟು, ಹಿಂದಿನ ಬದಿಯ ಅಷ್ಟೂ ಅಕ್ಷರಕ್ಕೆ ಬಳಿದೆ. 3 ಮಿಮೀ ಬ್ಲೀಡ್ ಇಟ್ಟೆ, PDF/X-1a ಪ್ರಿಸೆಟ್‌ನಲ್ಲಿ ಸೇವ್ ಮಾಡಿದೆ. ಯಾವ ಎಚ್ಚರಿಕೆಯೂ ಬರಲಿಲ್ಲ. ಆರ್ಟ್ ಪೇಪರ್ ಮೇಲೆ ತೆಗೆದ ಡಿಜಿಟಲ್ ಪ್ರೂಫ್ ಕೂಡ ಚೆನ್ನಾಗಿಯೇ ಬಂತು, ಎಲ್ಲರೂ ಓಕೆ ಅಂದರು.

ಬಂಡಲ್ ಬಿಚ್ಚಿದಾಗ ಅಕ್ಷರಗಳೆಲ್ಲ ಮಬ್ಬು. ಒತ್ತಕ್ಷರಗಳಂತೂ ಮುದ್ದೆಯಾಗಿದ್ದವು; ‘ಎಣ್ಣೆ’ಯ ಣ ಒತ್ತು ಒಂದು ಚುಕ್ಕೆಯ ಹಾಗೆ ಕಾಣುತ್ತಿತ್ತು. ಒಂದೊಂದು ಹಾಳೆಯ ಹಿಂದೆ ಇನ್ನೊಂದು ಹಾಳೆಯ ಇಂಕು ಮೆತ್ತಿಕೊಂಡಿತ್ತು. ಮಿಷನ್ ಸರಿ ಇಲ್ಲ ಅಂತ ಜಗಳ ಆಡೋದಕ್ಕೇ ಪ್ರೆಸ್ಸಿಗೆ ಹೋದೆ. ಅಲ್ಲಿನ ಹಿರಿಯ ಆಪರೇಟರ್ ಏನೂ ಮಾತಾಡದೆ ಲೂಪ್ ಅನ್ನೋ ಪುಟ್ಟ ಭೂತಗನ್ನಡಿ ಕೈಗೆ ಕೊಟ್ಟು, “ನೀವೇ ನೋಡಮ್ಮ” ಅಂದರು. ನೋಡಿದರೆ ಪ್ರತಿ ಅಕ್ಷರದ ಒಂದು ಅಂಚಲ್ಲಿ ನೀಲಿ, ಇನ್ನೊಂದು ಅಂಚಲ್ಲಿ ಗುಲಾಬಿ. “ಅಕ್ಷರಕ್ಕೆ ನಾಕೂ ಪ್ಲೇಟ್ ಯಾಕಮ್ಮ ಹಾಕಿದ್ರಿ? ಕರೀ ಇಂಕು ಒಂದು ಸಾಕಾಗಿತ್ತಲ್ಲ.”

ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಬೇಸರ ಮಾಡ್ಕೋಬೇಡಿ. ಆಫ್‌ಸೆಟ್‌ನಲ್ಲಿ ಸಯಾನ್, ಮಜೆಂಟಾ, ಹಳದಿ, ಕಪ್ಪು ನಾಲ್ಕಕ್ಕೂ ಬೇರೆ ಬೇರೆ ಪ್ಲೇಟ್. ಕಾಗದ ಒಂದಾದ ಮೇಲೊಂದು ಯೂನಿಟ್ ದಾಟುತ್ತಾ ನಾಲ್ಕು ಸಲ ಇಂಕು ಹಾಕಿಸಿಕೊಳ್ಳುತ್ತೆ. ನಾಲ್ಕೂ ಒಂದೇ ಜಾಗದಲ್ಲಿ ಕೂತರೆ ರಿಜಿಸ್ಟರ್ ಸರಿ ಇದೆ ಅಂತಾರೆ. ಆದರೆ ಪ್ಲೇಟಿನ ತೇವ ಕಾಗದಕ್ಕೂ ತಗಲುತ್ತೆ. ಮ್ಯಾಪ್‌ಲಿತೊ ಆ ನೀರು ಹೀರಿಕೊಂಡು ಒಂದಿಷ್ಟು ಹಿಗ್ಗುತ್ತೆ. ಒಳ್ಳೆ ಮಿಷನ್‌ನಲ್ಲೂ ಮಿಮೀಯ ಹತ್ತನೇ ಒಂದು ಭಾಗ ಆಚೀಚೆ ಆಗೋದು ಸಹಜ. ಫೋಟೋದಲ್ಲಿ ಅದು ಗೊತ್ತೇ ಆಗಲ್ಲ. ಆದರೆ 7 ಪಾಯಿಂಟ್ ಅಂದರೆ ಸುಮಾರು ಎರಡೂವರೆ ಮಿಮೀ, ಅಷ್ಟರೊಳಗೆ ಮೂಲ ಅಕ್ಷರದ ಗೆರೆ ಹೆಚ್ಚುಕಡಿಮೆ 0.2 ಮಿಮೀ ದಪ್ಪ. ಅಂದರೆ ಅರ್ಧ ಗೆರೆಯಷ್ಟು ಪಕ್ಕಕ್ಕೆ ಸರಿದ ಹಾಗಾಯಿತು. ಒತ್ತಕ್ಷರದ ಗೆರೆ ಇನ್ನೂ ಸಣ್ಣ, ಒಳಗಿನ ತೂತು ಅದಕ್ಕಿಂತ ಸಣ್ಣ. ಸರಿದ ಬಣ್ಣ ಬಂದು ಆ ತೂತನ್ನೇ ಮುಚ್ಚುತ್ತೆ. ಒತ್ತೇ ಇಲ್ಲದ ಇಂಗ್ಲಿಷ್ ಅಕ್ಷರ ಇದೇ ಸೈಜಲ್ಲಿ ಹೇಗೋ ಬಚಾವಾಗುತ್ತೆ, ಕನ್ನಡ ಆಗಲ್ಲ.

ಇನ್ನು ಇಂಕಿನ ಲೆಕ್ಕ. 75, 68, 67, 90 ಕೂಡಿಸಿ ನೋಡಿ, 300 ಪರ್ಸೆಂಟ್ ಆಗುತ್ತೆ. ಕೋಟಿಂಗ್ ಇರುವ ಆರ್ಟ್ ಪೇಪರ್ ಅಷ್ಟನ್ನು ತಡೆಯುತ್ತೆ. ಮ್ಯಾಪ್‌ಲಿತೊದಲ್ಲಿ ಒಟ್ಟು 260, ಹೆಚ್ಚೆಂದರೆ 280 ದಾಟಬೇಡಿ ಅಂತ ಆ ಪ್ರೆಸ್ಸಿನವರು ಹೇಳಿದರು. ದಾಟಿದರೆ ಒಣಗೋಕೆ ತಡ, ಒಣಗದೆ ಪೇರಿಸಿದರೆ ಮೇಲಿನ ಹಾಳೆಯ ಬೆನ್ನಿಗೆ ಮೆತ್ತುತ್ತೆ.

ಹಾಗಾದರೆ ಆ ಅಂಕಿ ಗೈಡ್‌ಲೈನ್‌ಗೆ ಬಂದದ್ದೆಲ್ಲಿಂದ? ಯಾರೂ ಕೂತು ನಿರ್ಧರಿಸಿದ್ದಲ್ಲ. ಇಲಸ್ಟ್ರೇಟರ್‌ನಲ್ಲೋ ಫೋಟೋಶಾಪ್‌ನಲ್ಲೋ `#000000` ಬಣ್ಣವನ್ನ ಅಮೆರಿಕದ ಡೀಫಾಲ್ಟ್ ಪ್ರೊಫೈಲ್ `U.S. Web Coated (SWOP) v2` ಇಟ್ಟುಕೊಂಡು ಸಿಎಂವೈಕೆಗೆ ತಿರುಗಿಸಿದರೆ ತಾನಾಗೇ ಬರೋ ಉತ್ತರ ಅದು. ಗೈಡ್‌ಲೈನ್ ಬರೆದವರು ವೆಬ್‌ಸೈಟ್ ಮಾಡುವವರು. ಅವರ ಸ್ಕ್ರೀನ್‌ನಲ್ಲಿ ಏನು ತೋರಿಸಿತೋ ಅದನ್ನೇ ಪುಟಕ್ಕೆ ಇಳಿಸಿದ್ದರು. ಹಾಗಾಗಿ ಯಾವ ಗೈಡ್‌ಲೈನ್ ತೆರೆದರೂ ನಾನು ಮೊದಲು ನೋಡೋದು ಕಪ್ಪಿನ ಸಾಲನ್ನ. 75-68-67-90 ಕಂಡರೆ ಉಳಿದ ಬಣ್ಣಗಳ ಸಿಎಂವೈಕೆ ಕೂಡ ಸಾಫ್ಟ್‌ವೇರ್ ಕೊಟ್ಟಿದ್ದೇ ಅಂತ ಅನುಮಾನ ಪಡಿ. ಉಲ್ಟಾನೂ ಇದೆ: ಕಪ್ಪಿನ ಹೆಕ್ಸ್ `#231F20` ಅಂತಿದ್ದರೆ, ಬರೀ ಕೆ 100 ಇದ್ದ ಪ್ರಿಂಟ್ ಫೈಲನ್ನ ಆರ್‌ಜಿಬಿಗೆ ತಿರುಗಿಸಿ ಅಲ್ಲಿಂದ ಎತ್ತಿದ್ದಾರೆ ಅಂತ ಅರ್ಥ.

ಅದಕ್ಕೇ ನಿಮ್ಮ ‘ಹಾಗೇ ಫಾಲೋ ಮಾಡ್ತೀನಿ’ ಅನ್ನೋ ಮಾತು ನನಗೆ ಒಪ್ಪಿಗೆ ಇಲ್ಲ. ಲೋಗೋ ಸುತ್ತ ಎಷ್ಟು ಜಾಗ ಬಿಡಬೇಕು, ಎಷ್ಟು ಮಿಮೀಗಿಂತ ಚಿಕ್ಕದು ಮಾಡಬಾರದು, ಇವನ್ನ ಹಾಗೇ ಪಾಲಿಸಿ, ವಾದ ಬೇಡ. ಬಣ್ಣದ ಅಂಕಿಯನ್ನ ಮಾತ್ರ ಕೇಳಿಯೇ ಹಾಕಿ. ಹಾಗಂತ ನೀವೇ ತಿದ್ದೋಕೂ ಹೋಗಬೇಡಿ, ಅದು ಇಂಟರ್ನ್ ಕೆಲಸ ಅಲ್ಲ. ‘ಈ ಕಪ್ಪು 300 ಪರ್ಸೆಂಟ್ ಇಂಕು ಆಗುತ್ತೆ, ಸಣ್ಣ ಅಕ್ಷರಕ್ಕೆ ಬರೀ ಕೆ 100 ಹಾಕಲಾ?’ ಅಂತ ಸೀನಿಯರ್‌ಗೆ ಒಂದು ಮೇಲ್ ಹಾಕಿ, ಉತ್ತರ ಬರೋವರೆಗೆ ಕಾಯಿರಿ.

ನಮ್ಮ ಕರಪತ್ರಕ್ಕೂ ಕೊನೆಗೆ ಅದನ್ನೇ ಮಾಡಿದ್ದು. ಒಂದು ಟೆಕ್ಸ್ಟ್ ಬಾಕ್ಸ್ ಆರಿಸಿಕೊಂಡು `Select > Same > Fill Color` ಕೊಟ್ಟರೆ ಆ ಬಣ್ಣದ್ದೆಲ್ಲ ಒಟ್ಟಿಗೆ ಸಿಗುತ್ತೆ, ಎಲ್ಲಕ್ಕೂ ಸಿ, ಎಂ, ವೈ ಸೊನ್ನೆ, ಕೆ 100. ಕೆಳಗಿದ್ದ ಅಗಲವಾದ ಕಪ್ಪು ಪಟ್ಟಿಗೆ ಬರೀ ಕೆ 100 ಸಾಲದು, ದೊಡ್ಡ ಜಾಗದಲ್ಲಿ ಅದು ಬೂದಿ ಹೊಡೆಯುತ್ತೆ. ಅದಕ್ಕೆ ಸಿ 40 ಸೇರಿಸಿದೆವು, ಒಟ್ಟು 140. ನಾಲ್ಕೂ ಪ್ಲೇಟ್ ಹೊಸದಾಗಿ ಹೊಡೆಸಬೇಕಾಯಿತು. ದುಡ್ಡು ಸ್ಟುಡಿಯೋದ್ದು, ಬೈಗುಳ ನನ್ನದು.

ಕಣ್ಣಿಗೆ ಯಾಕೆ ಕಾಣಲಿಲ್ಲ ಅಂತ ನೀವು ಕೇಳಬಹುದು. ಕಾಣಲ್ಲ. ಇಲಸ್ಟ್ರೇಟರ್ ಡೀಫಾಲ್ಟ್ ಆಗಿ ಎಲ್ಲಾ ಕಪ್ಪನ್ನೂ ಸ್ಕ್ರೀನ್ ಮೇಲೆ ಒಂದೇ ಗಾಢ ಕಪ್ಪಾಗಿ ತೋರಿಸುತ್ತೆ. `Preferences > Appearance of Black` ಒಳಗೆ `Display All Blacks Accurately` ಅಂತ ಬದಲಾಯಿಸಿದರೆ ಮಾತ್ರ ಬರೀ ಕೆ 100 ಸ್ವಲ್ಪ ಬೂದಾಗಿ ಬೇರೆ ಕಾಣುತ್ತೆ. PDF/X-1a ಯಾಕೆ ತಡೆಯಲಿಲ್ಲ ಅಂದರೆ, ಅದಕ್ಕೆ ಬೇಕಿರೋದು ಬಣ್ಣ ಸಿಎಂವೈಕೆ ಅಥವಾ ಸ್ಪಾಟ್ ಆಗಿರಬೇಕು, ಫಾಂಟ್ ಒಳಗೇ ಇರಬೇಕು, ಟ್ರಾನ್ಸ್‌ಪರೆನ್ಸಿ ಉಳಿದಿರಬಾರದು, ಇಂಥವು. ನನ್ನ ಕಪ್ಪು ಅಪ್ಪಟ ಸಿಎಂವೈಕೆ. ಅದರ ಪ್ರಕಾರ ಎಲ್ಲಾ ಸರಿ.

ಹಾಗಾಗಿ ಈಗ ಫೈಲ್ ಕಳಿಸುವ ಮುಂಚೆ ಅಕ್ರೊಬ್ಯಾಟ್ ಪ್ರೊದಲ್ಲಿ ಪಿಡಿಎಫ್ ತೆರೆದು `Output Preview` ಹಾಕ್ತೀನಿ. ಅಲ್ಲಿ ನಾಲ್ಕೂ ಪ್ಲೇಟ್‌ಗೆ ಟಿಕ್ ಇರುತ್ತೆ. `Process Black` ಟಿಕ್ ತೆಗೆದರೆ ಸಣ್ಣ ಅಕ್ಷರ ಪೂರ್ತಿ ಮಾಯ ಆಗಬೇಕು. ಕಂದು ಬಣ್ಣದಲ್ಲಿ ಇನ್ನೂ ಅಲ್ಲೇ ಇದ್ದರೆ ಅದು ನಾಲ್ಕು ಇಂಕಿನ ಕಪ್ಪು. ಅದೇ ಕಿಟಕಿಯಲ್ಲಿ `Total Area Coverage` ಅಂತಿದೆ, ಪ್ರೆಸ್ಸಿನವರು ಹೇಳಿದ ಮಿತಿ ಹಾಕಿದರೆ ಅದನ್ನ ಮೀರಿದ ಜಾಗ ಬೇರೆ ಬಣ್ಣದಲ್ಲಿ ಎದ್ದು ಕಾಣುತ್ತೆ. ಒಂದು ನಿಮಿಷದ ಕೆಲಸ. ಬ್ಲೀಡ್ ಕೂಡ ಅಲ್ಲೇ ನೋಡಿಬಿಡಿ: ಡಾಕ್ಯುಮೆಂಟ್‌ನಲ್ಲಿ 3 ಮಿಮೀ ಇಟ್ಟಿದ್ದರೂ ಸೇವ್ ಮಾಡುವಾಗ `Use Document Bleed Settings` ಟಿಕ್ ಮಾಡದಿದ್ದರೆ ಪಿಡಿಎಫ್‌ಗೆ ಬರಲ್ಲ.

ಅಕ್ಷರವನ್ನ ಔಟ್‌ಲೈನ್ ಮಾಡೋದರ ಬಗ್ಗೆ ನೀವು ಕೇಳಿಲ್ಲ, ಆದರೂ ಕನ್ನಡದಲ್ಲಿ ಕೆಲಸ ಮಾಡುವವರಿಗೆ ಹೇಳದೇ ಇರೋಕಾಗಲ್ಲ. ಕ್ಲೈಂಟ್ ಮ್ಯಾಟರ್ ಹಳೇ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿ ಕಳಿಸಿರುತ್ತಾರೆ. ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ಅದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಪ್ರೆಸ್ಸಿಗೆ ಓಪನ್ ಫೈಲ್ ಕೊಡೋದಾದರೆ `Create Outlines` ಮಾಡಿಯೇ ಕೊಡಿ, ತಿದ್ದಬಹುದಾದ ಪ್ರತಿ ಒಂದನ್ನ ಬೇರೆ ಹೆಸರಲ್ಲಿ ಇಟ್ಟುಕೊಳ್ಳಿ. ಯೂನಿಕೋಡ್ ಆದರೆ ಔಟ್‌ಲೈನ್‌ಗೂ ಮುಂಚೆ ಒತ್ತುಗಳು ಕೂಡಿವೆಯಾ ನೋಡಿ. ಇನ್‌ಡಿಸೈನ್‌ನಲ್ಲಿ `Adobe World-Ready Paragraph Composer` ಆರಿಸದಿದ್ದರೆ ಒತ್ತು ಕೆಳಗೆ ಕೂರದೆ ಬಿಡಿ ಅಕ್ಷರವಾಗಿ ಪಕ್ಕಕ್ಕೆ ನಿಲ್ಲುತ್ತೆ. ಒಡೆದ ಅಕ್ಷರವನ್ನ ಔಟ್‌ಲೈನ್ ಮಾಡಿದರೆ ಒಡೆದದ್ದೇ ಅಚ್ಚಾಗುತ್ತೆ.

ವೆಬ್ ವಿಷಯದಲ್ಲಿ ನನ್ನ ಹಟ ಒಂದೇ: ಪ್ರಿಂಟ್ ಫೈಲನ್ನ ತಿರುಗಿಸಿ ವೆಬ್‌ಗೆ ಕೊಡಬೇಡಿ. ಅದೇ ಗಾಣದ ಎಣ್ಣೆಯ ಪೋಸ್ಟ್‌ಗೆ ಹೊಸ ಆರ್‌ಜಿಬಿ ಡಾಕ್ಯುಮೆಂಟ್ ತೆರೆದು, 1080×1350 ಪಿಕ್ಸೆಲ್ ಇಟ್ಟು, ಗೈಡ್‌ಲೈನ್‌ನ ಹೆಕ್ಸ್ ಹಾಕಿ. ಸಿಎಂವೈಕೆಗೆ ಹೋದಾಗ ಮಂಕಾದ ಕಿತ್ತಳೆ, ವಾಪಸ್ ಆರ್‌ಜಿಬಿಗೆ ತಂದರೂ ಮೊದಲಿನ ಹಾಗೆ ಆಗಲ್ಲ. ಸೈಟ್‌ಗೆ ಲೋಗೋ ಎಸ್‌ವಿಜಿ, ಅದು ಹತ್ತದ ಕಡೆ ಪಿಎನ್‌ಜಿ. 72 ಡಿಪಿಐ ಇಡಿ ಅಂತ ಯಾರಾದರೂ ಹೇಳಿದರೆ ತಲೆ ಅಲ್ಲಾಡಿಸಿ ಸುಮ್ಮನಿರಿ, ಸ್ಕ್ರೀನ್‌ಗೆ ಬೇಕಿರೋದು ಪಿಕ್ಸೆಲ್ ಲೆಕ್ಕ ಮಾತ್ರ. ವಾಟ್ಸಾಪ್‌ನಲ್ಲಿ ಕಳಿಸೋದಿದ್ದರೆ ಡಾಕ್ಯುಮೆಂಟ್ ಅಂತ ಕಳಿಸಿ. ಫೋಟೋ ಅಂತ ಹಾಕಿದರೆ ಅದು ಕುಗ್ಗಿಸಿಬಿಡುತ್ತೆ, ಪಾರದರ್ಶಕ ಹಿನ್ನೆಲೆಯೂ ಹೋಗುತ್ತೆ.

ಪ್ರಿಂಟ್‌ಗೆ X-1a ಕೊಡಬೇಕೋ X-4 ಕೊಡಬೇಕೋ ಅನ್ನೋದನ್ನ ಇಲ್ಲಿ ನಮ್ಮನ್ನ ಕೇಳಬೇಡಿ. ಪ್ಲೇಟ್ ಹೊಡೆಯುವವರಿಗೆ ಫೋನ್ ಮಾಡಿ, ಪೇಪರ್ ಯಾವುದು, ಇಂಕಿನ ಮಿತಿ ಎಷ್ಟು, ಯಾವ ಪ್ರೊಫೈಲ್ ಅಂತ ಜೊತೆಗೇ ಕೇಳಿಕೊಳ್ಳಿ. ಮುಂದಿನ ಸಲ ಫೈಲ್ ವಾಪಸ್ ಬಂದರೆ, ಪ್ರೆಸ್ಸಿನವರು ಕಾರಣ ಏನಂದರು ಅಂತ ಅವರ ಮಾತಲ್ಲೇ ಇಲ್ಲಿ ಬರೆಯಿರಿ. ಈಗ ನೀವು ಅದನ್ನೇ ಬಿಟ್ಟಿದ್ದೀರಿ.