ಲೀಡ್ ಏರಿತು, ಗ್ರಾಹಕರು ಇಳಿದರು: ಸಂದರ್ಶನದಲ್ಲಿ ತಡವರಿಸಿದ ಪ್ರಕರಣ

ಸಂದರ್ಶನಕ್ಕೆ ಸಿದ್ಧವಾಗಲು ನಮ್ಮ ಬಳಿ ಬಂದ ಅಭ್ಯರ್ಥಿಗೆ ಡಿಜಿಟಲ್ ಮಾರ್ಕೆಟಿಂಗ್‌ನಲ್ಲಿ ನಾಲ್ಕು ವರ್ಷದ ಅನುಭವ. ಸತತ ಮೂರು ಸಂದರ್ಶನಗಳಲ್ಲಿ ಎರಡನೇ ಸುತ್ತು ದಾಟಿರಲಿಲ್ಲ. (ಗುರುತು ಸಿಗದಂತೆ ವಿವರ, ಅಂಕಿಗಳನ್ನು ಬದಲಿಸಿದೆ.) ಮೂರೂ ಕಡೆ ಅವರು ಹೇಳಿದ್ದು ಇದನ್ನೇ: “ಅದೇ ಬಜೆಟ್‌ನಲ್ಲಿ ಲೀಡ್‌ಗಳನ್ನು ಶೇ 60ರಷ್ಟು ಹೆಚ್ಚಿಸಿದೆ.” ಜಾಹೀರಾತು ನೋಡಿ, ಫಾರ್ಮ್ ತುಂಬಿ ಹೆಸರು, ಫೋನ್ ಕೊಟ್ಟವರೇ ಲೀಡ್. ಅವರಲ್ಲಿ ಗ್ರಾಹಕರಾದವರು ಎಷ್ಟು ಎಂದು ಕೇಳಿದರೆ, “ಸೇಲ್ಸ್‌ನವರು ಸರಿಯಾಗಿ ಫಾಲೋಅಪ್ ಮಾಡಲಿಲ್ಲ” ಎನ್ನುತ್ತಿದ್ದರು.

ಮೊದಲು ಲೆಕ್ಕವನ್ನು ಕೊನೆಯವರೆಗೂ ಬರೆಸಿದೆವು. ಅವರು ಫಾರ್ಮ್ ಬದಲಿಸುವ ಮುಂಚಿನ ತಿಂಗಳು 400 ಲೀಡ್, ಅದರಲ್ಲಿ ಕೊಳ್ಳುವ ಸಾಧ್ಯತೆ ಇದೆ, ಅಂದರೆ ಅರ್ಹ ಎಂದು ಸೇಲ್ಸ್ ತಂಡ ಒಪ್ಪಿದ್ದು 80, ಗ್ರಾಹಕರಾದವರು 16. ನಂತರದ ತಿಂಗಳು 640 ಲೀಡ್, ಅರ್ಹ 64, ಗ್ರಾಹಕರು 12. ಖರ್ಚು ಒಂದೇ ಆದ್ದರಿಂದ ಪ್ರತಿ ಲೀಡಿನ ವೆಚ್ಚ ಶೇ 37.5 ಇಳಿದಿದೆ, ಪ್ರತಿ ಗ್ರಾಹಕರ ವೆಚ್ಚ ಮೂರನೇ ಒಂದು ಭಾಗ ಏರಿದೆ. ಅವರು ಗೆಲುವೆಂದು ಹೇಳುತ್ತಿದ್ದುದು ನಿಜವಾಗಿ ಸೋಲು. ಸಂದರ್ಶಕರಿಗೆ ಅದರ ವಾಸನೆ ಬಡಿದಿತ್ತು.

ಕಾರಣ ಆ ಫಾರ್ಮ್‌ನಲ್ಲಿತ್ತು. ಏಳು ಪ್ರಶ್ನೆಗಳನ್ನು ಮೂರಕ್ಕೆ ಇಳಿಸಿ, ಹೆಸರು, ಫೋನ್ ತಾನಾಗಿ ತುಂಬಿಕೊಳ್ಳುವಂತೆ ಮಾಡಿದ್ದರು. ಕುತೂಹಲಕ್ಕೆ ಒತ್ತಿದವರೂ ಲೀಡ್ ಆದರು. ಜಾಹೀರಾತು ವ್ಯವಸ್ಥೆಗೆ ಕೊಟ್ಟ ಗುರಿಯೂ ‘ಫಾರ್ಮ್ ಸಲ್ಲಿಕೆ’ ಆದ್ದರಿಂದ ಅದು ಅಂಥವರನ್ನೇ ಹುಡುಕಿ ತಂದಿತು. ಸೇಲ್ಸ್‌ನವರ ಮೇಲಿನ ದೂರಿಗೆ ಆಧಾರ ಸಿಗಲಿಲ್ಲ: ಮೊದಲ ಕರೆ ಹೋಗುವ ಸರಾಸರಿ ಸಮಯ ಎರಡೂ ತಿಂಗಳು ಒಂದೇ ಇತ್ತು. ವಾರದ ವರದಿ ಲೀಡ್‌ಗೇ ನಿಲ್ಲುತ್ತಿದ್ದುದರಿಂದ ತಪ್ಪು ಗೊತ್ತಾಗಲು ಏಳು ವಾರ ಹಿಡಿಯಿತು.

ಕೊಟ್ಟ ಸಲಹೆ: ಈ ಜಾಹೀರಾತು ಪ್ರಚಾರದ ಬಗೆಗಿನ ಮಾತನ್ನು ಗ್ರಾಹಕರ ಸಂಖ್ಯೆಯಿಂದಲೇ ಆರಂಭಿಸಿ. ಆದರೆ ವಾದವನ್ನು ಅದರ ಮೇಲೆ ಕಟ್ಟಬೇಡಿ. 16ರಿಂದ 12 ಆಕಸ್ಮಿಕವೂ ಆಗಿರಬಹುದು. ಅರ್ಹ ಲೀಡ್‌ಗಳ ಪಾಲು ಶೇ 20ರಿಂದ 10ಕ್ಕೆ ಬಿದ್ದದ್ದು ಗಟ್ಟಿ ಸಾಕ್ಷಿ. ನಂತರ ಕಾರಣ, ಅದು ತಡವಾಗಿ ಕಂಡದ್ದೇಕೆ, ಏನು ತಿದ್ದಿದಿರಿ, ಇಷ್ಟನ್ನು ಎರಡು ನಿಮಿಷದಲ್ಲಿ ಹೇಳಿ. ತಪ್ಪು ನಿಮ್ಮ ನಿರ್ಧಾರದ್ದಾದರೆ “ಫಾರ್ಮ್ ಚಿಕ್ಕದು ಮಾಡಿದ್ದು ನಾನು” ಎನ್ನಿ. ಅಲ್ಲಿ ‘ನಾವು’ ಬೇಡ. ಹಳೆಯ ಸಂಸ್ಥೆಯ ಅಂಕಿ ಗೋಪ್ಯವಾಗಿದ್ದರೆ ಶೇಕಡಾವಾರು ಸಾಕು, ಹಾಗೆಂದು ಮೊದಲೇ ತಿಳಿಸಿ.

ತಿದ್ದುಪಡಿಯ ಭಾಗದಲ್ಲಿ ಇನ್ನೊಂದು ತೊಡಕು ಇತ್ತು. “ಯಾವಾಗ ಬೇಕು?” ಎಂಬ ಪ್ರಶ್ನೆಯನ್ನು ಫಾರ್ಮ್‌ಗೆ ಮತ್ತೆ ಸೇರಿಸಿದ್ದು, ಅರ್ಹ ಲೀಡ್‌ಗಳ ಮಾಹಿತಿಯನ್ನು ಜಾಹೀರಾತು ವ್ಯವಸ್ಥೆಗೆ ಹಿಂದಿರುಗಿಸಿದ್ದು, ಎರಡೂ ಒಂದೇ ವಾರ. ಫಲಿತಾಂಶ 450 ಲೀಡ್, ಅರ್ಹ 90. ಯಾವುದರಿಂದ ಸುಧಾರಿಸಿತು ಎಂದು ಕೇಳಿದರೆ ಊಹಿಸಬೇಡಿ ಎಂದೆವು. ಅಣಕು ಸಂದರ್ಶನದಲ್ಲಿ ಅವರು ಕೊಟ್ಟ ಉತ್ತರ: “ಬೇರ್ಪಡಿಸಲು ಆಗುವುದಿಲ್ಲ. ಒಟ್ಟಿಗೆ ಮಾಡಿದ್ದು ನನ್ನ ಎರಡನೇ ತಪ್ಪು. ಈಗಾದರೆ ಅರ್ಧ ಜನರಿಗೆ ಹಳೆಯ ಫಾರ್ಮ್ ಉಳಿಸಿ ಹೋಲಿಸುತ್ತೇನೆ.”